ಕನಿಷ್ಠ ತಗಡಿನ ಮುಚ್ಚಿದ ಡಬ್ಬಿ: ವ್ಯಾಸ ಮತ್ತು ಎತ್ತರವನ್ನು ನಿರ್ಧರಿಸುವ ಕ್ರಮ

ತಳ ಮತ್ತು ಮುಚ್ಚಳ ಎರಡೂ ಇರುವ ಸಿಲಿಂಡರ್ ಆಕಾರದ ಡಬ್ಬಿಯೊಂದು ಇಂತಿಷ್ಟೇ ಘನಫಲವನ್ನು ಹಿಡಿಯಬೇಕು ಎಂದು ಮೊದಲೇ ನಿಗದಿಯಾಗಿದ್ದರೆ, ಅದನ್ನು ತೆಳ್ಳಗೆ ಉದ್ದವಾಗಿಯೂ ಮಾಡಬಹುದು, ಅಗಲವಾಗಿ ಕುಳ್ಳಗೂ ಮಾಡಬಹುದು. ಉದ್ದನೆಯ ಡಬ್ಬಿಯಲ್ಲಿ ತಳ ಮತ್ತು ಮುಚ್ಚಳದ ಬಿಲ್ಲೆಗಳು ಚಿಕ್ಕವಾದರೂ ಸುತ್ತುಗೋಡೆಗೆ ಹೆಚ್ಚು ತಗಡು ಬೇಕಾಗುತ್ತದೆ. ಕುಳ್ಳ ಡಬ್ಬಿಯಲ್ಲಿ ಗೋಡೆಗೆ ಕಡಿಮೆ ಸಾಕಾದರೂ ಬಿಲ್ಲೆಗಳು ಆ ಉಳಿತಾಯವನ್ನು ನುಂಗಿಬಿಡುತ್ತವೆ. ಈ ಎರಡರ ನಡುವೆ ಒಟ್ಟು ತಗಡು ಅತ್ಯಂತ ಕಡಿಮೆಯಾಗುವ ಅಳತೆ ಒಂದೇ ಒಂದು ಇದೆ. ಪಠ್ಯಪುಸ್ತಕದ ಲೆಕ್ಕ ಎತ್ತರವು ವ್ಯಾಸಕ್ಕೆ ಸಮ ಎಂದು ಹೇಳಿ ಅಲ್ಲಿಗೆ ನಿಲ್ಲುತ್ತದೆ. ಆ ಉತ್ತರ ಸರಿಯಾದದ್ದೇ, ಆದರೆ ಅದು ಬಿಲ್ಲೆಯ ತಗಡೂ ಗೋಡೆಯ ತಗಡೂ ಒಂದೇ ದಪ್ಪದ್ದಾಗಿದ್ದು, ಕತ್ತರಿಸುವಾಗ ಏನೂ ವ್ಯರ್ಥವಾಗದಿದ್ದರೆ ಮಾತ್ರ ಸರಿ. ಆದ್ದರಿಂದ ಮೊದಲು ಆ ಲೆಕ್ಕವನ್ನು ಮಾಡಿಕೊಂಡು, ಅನಂತರ ನಿಜವಾದ ತಗಡಿಗೆ ಅದನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ನೋಡೋಣ. ಉದ್ದಕ್ಕೂ 1000 ಘನ ಸೆಂ.ಮೀ., ಅಂದರೆ ಒಂದು ಲೀಟರ್ ಹಿಡಿಯುವ ಡಬ್ಬಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಎತ್ತರವನ್ನು ಲೆಕ್ಕದಿಂದ ಹೊರಗಿಡುವುದು

ಡಬ್ಬಿಯ ತ್ರಿಜ್ಯವನ್ನು r, ಎತ್ತರವನ್ನು h, ನಿಗದಿತ ಘನಫಲವನ್ನು V, ಬೇಕಾಗುವ ತಗಡಿನ ವಿಸ್ತೀರ್ಣವನ್ನು S ಎಂದು ಕರೆಯೋಣ. ಎರಡು ಬಿಲ್ಲೆಗಳು ಸೇರಿ 2πr² ಆಗುತ್ತವೆ. ಗೋಡೆಯನ್ನು ಬಿಡಿಸಿ ಹರಡಿದರೆ ಅದು 2πr ಉದ್ದ ಮತ್ತು h ಅಗಲದ ಒಂದು ಆಯತ. ಹೀಗಾಗಿ ನಮ್ಮ ಮುಂದೆ ಎರಡು ಸಮೀಕರಣಗಳಿವೆ:

V = πr²h
S = 2πr² + 2πrh

ಎರಡನೆಯದರಲ್ಲಿ r ಮತ್ತು h ಎಂಬ ಎರಡು ಚರಗಳಿದ್ದರೂ ಅವು ಸ್ವತಂತ್ರವಾಗಿಲ್ಲ, ಏಕೆಂದರೆ ಘನಫಲ ಬದಲಾಗುವಂತಿಲ್ಲ. r ಅನ್ನು ಬದಲಿಸಿದ ಕೂಡಲೇ h ಕೂಡ ಬದಲಾಗಲೇಬೇಕು. ಆದ್ದರಿಂದ ಮೊದಲ ಸಮೀಕರಣದಿಂದ h = V/(πr²) ಎಂದು ಪಡೆದು, ಅದನ್ನು ಎರಡನೆಯದರಲ್ಲಿ ಇಟ್ಟರೆ ಹೀಗಾಗುತ್ತದೆ:

S = 2πr² + 2V/r

ಈ ಹೆಜ್ಜೆಯನ್ನು ಬಿಟ್ಟು ಅವಕಲನಕ್ಕೆ ಕೈಹಾಕುವುದೇ ಈ ಲೆಕ್ಕದಲ್ಲಿ ಹೆಚ್ಚಾಗಿ ಕಾಣುವ ತಪ್ಪು. h ಅನ್ನು ಸ್ಥಿರಸಂಖ್ಯೆ ಎಂದು ಭಾವಿಸಿ 2πr² + 2πrh ಅನ್ನು ಅವಕಲಿಸಿ ಸೊನ್ನೆಗೆ ಸಮ ಮಾಡಿದರೆ r = −h/2 ಎಂಬ ಋಣ ತ್ರಿಜ್ಯ ಬರುತ್ತದೆ. ಅಂಥ ಉತ್ತರ ಬಂದರೆ, ಘನಫಲದ ನಿಬಂಧನೆ ಲೆಕ್ಕದೊಳಗೆ ಬಂದೇ ಇಲ್ಲ ಎಂದು ತಿಳಿಯಬೇಕು.

ಕನಿಷ್ಠ ಬಿಂದುವನ್ನು ಹುಡುಕುವುದು

ಈಗ S ಎಂಬುದು r ಒಂದನ್ನೇ ಅವಲಂಬಿಸಿದೆ. ಅವಕಲನ ಮಾಡಿದರೆ 4πr − 2V/r² ಬರುತ್ತದೆ. ಅದನ್ನು ಸೊನ್ನೆಗೆ ಸಮ ಮಾಡಿದಾಗ:

r³ = V/(2π)

ಇದರಿಂದ V = 2πr³. ಇದನ್ನು h = V/(πr²) ಎಂಬಲ್ಲಿಗೆ ಒಯ್ದರೆ h = 2r, ಅಂದರೆ ಎತ್ತರ ಮತ್ತು ವ್ಯಾಸ ಸಮ. ಎರಡನೆಯ ಅವಕಲನ 4π + 4V/r³ ಯಾವ ತ್ರಿಜ್ಯಕ್ಕೂ ಧನಾತ್ಮಕವಾಗಿಯೇ ಇರುವುದರಿಂದ ಇದು ಕನಿಷ್ಠ ಬಿಂದುವೇ ಹೊರತು ಗರಿಷ್ಠವಲ್ಲ, ಮತ್ತು ಬೇರೆ ಯಾವ ಕನಿಷ್ಠವೂ ಇಲ್ಲ.

ಅವಕಲನ ಕಲಿಯದವರೂ ಇಲ್ಲಿಗೆ ತಲುಪಬಹುದು. ನನಗಂತೂ ಈ ದಾರಿಯೇ ಹೆಚ್ಚು ಇಷ್ಟ, ಏಕೆಂದರೆ ಮುಂದೆ ಬೇಕಾಗುವ ಒಂದು ಪರೀಕ್ಷೆ ಇದರಲ್ಲೇ ಅಡಗಿದೆ. ಗೋಡೆಯ ಪಾಲಾದ 2V/r ಅನ್ನು V/r, V/r ಎಂಬ ಎರಡು ಸಮಭಾಗಗಳಾಗಿ ಒಡೆಯಿರಿ. ಆಗ S ಎಂಬುದು 2πr², V/r, V/r ಎಂಬ ಮೂರು ಪದಗಳ ಮೊತ್ತ. ಈ ಮೂರನ್ನೂ ಗುಣಿಸಿದರೆ r ಪೂರ್ತಿಯಾಗಿ ಹೊರಟುಹೋಗಿ 2πV² ಎಂಬ ಸ್ಥಿರಸಂಖ್ಯೆ ಉಳಿಯುತ್ತದೆ. ಗುಣಲಬ್ಧ ಸ್ಥಿರವಾಗಿರುವ ಮೂರು ಧನಸಂಖ್ಯೆಗಳ ಮೊತ್ತ ಅತ್ಯಂತ ಕಡಿಮೆಯಾಗುವುದು ಆ ಮೂರೂ ಸಮವಾದಾಗ. ಹಾಗಾಗಿ ಕನಿಷ್ಠ ತಗಡಿನ ಡಬ್ಬಿಯಲ್ಲಿ ಬಿಲ್ಲೆಗಳೆರಡೂ ಸೇರಿ ಒಂದು ಪಾಲು, ಗೋಡೆ ಎರಡು ಪಾಲು. ಒಟ್ಟು ತಗಡಿನ ಮೂರನೆಯ ಒಂದು ಭಾಗ ಬಿಲ್ಲೆಗಳಿಗೆ, ಉಳಿದದ್ದು ಗೋಡೆಗೆ ಹೋಗಬೇಕು. ಈ ಅನುಪಾತ ಕೂಡಿಬರದಿದ್ದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ.

ನಮ್ಮ ಒಂದು ಲೀಟರ್ ಡಬ್ಬಿಗೆ r³ = 1000/6.2832 = 159.155. ಇದರ ಘನಮೂಲ 5.419. ಅಂದರೆ ತ್ರಿಜ್ಯ 5.42 ಸೆಂ.ಮೀ., ವ್ಯಾಸವೂ ಎತ್ತರವೂ ಸುಮಾರು 10.84 ಸೆಂ.ಮೀ. ಬಿಲ್ಲೆಗಳಿಗೆ 184.5, ಗೋಡೆಗೆ 369.1, ಒಟ್ಟು 553.6 ಚದರ ಸೆಂ.ಮೀ. ತಗಡು ಬೇಕು. ಒಂದಕ್ಕೆ ಎರಡರ ಅನುಪಾತ ಸರಿಯಾಗಿಯೇ ಬಂದಿದೆ.

ಅಂಕಿಗಳನ್ನು ಪೂರ್ಣಗೊಳಿಸುವಾಗ

ಕಾಗದದ ಮೇಲೆ 5.419 ಎಂದು ಬರೆದರೂ ತಗಡಿನ ಮೇಲೆ ಅದನ್ನು 5.4 ಎಂದೇ ಗುರುತಿಸುತ್ತೇವೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ತ್ರಿಜ್ಯ 5.4 ಆಯಿತು, ಎತ್ತರ ಅದರ ಎರಡರಷ್ಟು, ಆದ್ದರಿಂದ 10.8 ಎಂದು ಹಿಡಿದರೆ ಡಬ್ಬಿಯ ಘನಫಲ 989.4 ಘನ ಸೆಂ.ಮೀ.ಗೆ ಇಳಿಯುತ್ತದೆ, ಹತ್ತು ಮಿಲಿಲೀಟರ್‌ಗೂ ಮೀರಿದ ಕೊರತೆ. ತ್ರಿಜ್ಯವನ್ನು ಪೂರ್ಣಗೊಳಿಸಿದ ಮೇಲೆ ಎತ್ತರವನ್ನು ಯಾವಾಗಲೂ ಘನಫಲದ ಸಮೀಕರಣದಿಂದಲೇ ಮತ್ತೆ ತೆಗೆಯಬೇಕು: h = 1000/(3.1416 × 29.16) = 10.92 ಸೆಂ.ಮೀ. ಆಗ ಘನಫಲ ಉಳಿಯುತ್ತದೆ, ತಗಡೂ 553.6 ಚದರ ಸೆಂ.ಮೀ. ಆಗಿಯೇ ಇರುತ್ತದೆ, ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ವ್ಯತ್ಯಾಸ ಕಾಣದಿರುವುದಕ್ಕೆ ಕಾರಣವಿದೆ. ಕನಿಷ್ಠ ಬಿಂದುವಿನ ಆಸುಪಾಸಿನಲ್ಲಿ S ನ ರೇಖೆ ಬಹಳ ಚಪ್ಪಟೆಯಾಗಿರುತ್ತದೆ. ಇಂಥ ಬಿಂದುವಿನ ಬಳಿ ಅಳತೆ ಕೊಂಚ ಬದಲಾದರೂ ಫಲಿತಾಂಶ ಬಹುತೇಕ ಬದಲಾಗದು ಎಂಬುದನ್ನು ಕೆಪ್ಲರ್ 1615ರಷ್ಟು ಹಿಂದೆಯೇ, ಪೀಪಾಯಿಗಳ ಘನಫಲವನ್ನು ಕುರಿತು ಬರೆಯುವಾಗ, ಗಮನಿಸಿದ್ದರು. ಅವಕಲನಶಾಸ್ತ್ರ ಆಗಿನ್ನೂ ಹುಟ್ಟಿರಲಿಲ್ಲ. ನಮ್ಮ ಡಬ್ಬಿಯಲ್ಲಿ ಇದನ್ನು ಸಂಖ್ಯೆಗಳಲ್ಲೇ ನೋಡಬಹುದು. ತ್ರಿಜ್ಯ 5 ಆದರೆ 557.1, ತ್ರಿಜ್ಯ 6 ಆದರೆ 559.5 ಚದರ ಸೆಂ.ಮೀ. ಬೇಕು, ಎರಡೂ ಕನಿಷ್ಠಕ್ಕಿಂತ ಶೇಕಡಾ ಒಂದರ ಆಸುಪಾಸಿನಲ್ಲಷ್ಟೇ ಹೆಚ್ಚು. ಆದರೆ ತ್ರಿಜ್ಯವನ್ನು 4ಕ್ಕೆ ಇಳಿಸಿದರೆ 600.5 ಬೇಕಾಗಿ, ಶೇಕಡಾ 8.5ರಷ್ಟು ನಷ್ಟವಾಗುತ್ತದೆ. ಸರಳವಾದ ಅಂದಾಜು ಹೀಗಿದೆ: ತ್ರಿಜ್ಯದಲ್ಲಿ ಆದ ವ್ಯತ್ಯಾಸದ ಭಿನ್ನರಾಶಿಯನ್ನು ವರ್ಗ ಮಾಡಿದರೆ ತಗಡಿನಲ್ಲಿ ಆಗುವ ಹೆಚ್ಚಳದ ಭಿನ್ನರಾಶಿ ಸಿಗುತ್ತದೆ. ತ್ರಿಜ್ಯ ಹತ್ತನೆಯ ಒಂದು ಭಾಗ ತಪ್ಪಿದರೆ ತಗಡು ನೂರನೆಯ ಒಂದು ಭಾಗ ಹೆಚ್ಚು. ಈ ಅಂದಾಜು ಕನಿಷ್ಠ ಬಿಂದುವಿನ ಹತ್ತಿರ ಮಾತ್ರ ನಂಬತಕ್ಕದ್ದು. ದೂರ ಹೋದಂತೆ ತೆಳ್ಳನೆಯ ಡಬ್ಬಿಯ ನಷ್ಟ ಅಗಲ ಡಬ್ಬಿಯದಕ್ಕಿಂತ ಬೇಗ ಬೆಳೆಯುತ್ತದೆ.

ಬಿಲ್ಲೆಯ ತಗಡಿಗೆ ಬೇರೆ ಬೆಲೆ ಕಟ್ಟುವುದು

ಇನ್ನು ವಿಷಯದ ಮುಖ್ಯ ಭಾಗಕ್ಕೆ ಬರೋಣ. ಗೋಡೆಯನ್ನು ಆಯತವಾಗಿ ಕತ್ತರಿಸುವಾಗ ತಗಡು ವ್ಯರ್ಥವಾಗುವುದಿಲ್ಲ. ಬಿಲ್ಲೆ ವೃತ್ತವಾದ್ದರಿಂದ, ಹಾಳೆಯಿಂದ ಅದನ್ನು ಕತ್ತರಿಸಿದಾಗ ಸುತ್ತಲೂ ಚೂರುಗಳು ಉಳಿಯಲೇಬೇಕು. ಮೇಲಿನ ಲೆಕ್ಕ ಆ ಚೂರುಗಳನ್ನು ಎಣಿಸಲೇ ಇಲ್ಲ. ಬಿಲ್ಲೆಯ ಒಂದು ಚದರ ಸೆಂ.ಮೀ.ಗೆ ನಿಜವಾಗಿ ಖರ್ಚಾಗುವ ತಗಡು ಗೋಡೆಯ ಒಂದು ಚದರ ಸೆಂ.ಮೀ.ಗೆ ಖರ್ಚಾಗುವುದರ k ಪಟ್ಟು ಎಂದು ಇಟ್ಟುಕೊಂಡರೆ, ಸಮೀಕರಣ ಹೀಗೆ ಬದಲಾಗುತ್ತದೆ:

S = 2πkr² + 2V/r

ಹಿಂದಿನ ಹೆಜ್ಜೆಗಳನ್ನೇ ಮತ್ತೆ ನಡೆದರೆ ಸಿಗುವುದು:

r³ = V/(2πk)
h = 2kr

ಇದನ್ನು ಮಾತಿನಲ್ಲಿ ಹೇಳುವುದಾದರೆ, ಎತ್ತರವನ್ನು ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ k. ಬಿಲ್ಲೆಯ ತಗಡು ಎಷ್ಟು ಪಟ್ಟು ದುಬಾರಿಯೋ ಡಬ್ಬಿ ವ್ಯಾಸದ ಅಷ್ಟು ಪಟ್ಟು ಎತ್ತರವಾಗಬೇಕು. k = 1 ಆದಾಗ ಎತ್ತರವೂ ವ್ಯಾಸವೂ ಸಮ ಎಂಬ ಹಳೆಯ ಉತ್ತರ ಇದರ ಒಂದು ವಿಶೇಷ ಸಂದರ್ಭವಷ್ಟೇ. ತಳಕ್ಕೂ ಮುಚ್ಚಳಕ್ಕೂ ಬೇರೆ ಬೇರೆ ಬೆಲೆ ಇದ್ದರೆ ಎರಡರ ಸರಾಸರಿಯನ್ನು k ಎಂದು ತೆಗೆದುಕೊಳ್ಳಬೇಕು. ಮುಚ್ಚಳವೇ ಇಲ್ಲದ ಡಬ್ಬಿಯಲ್ಲಿ ಒಂದರ ಬೆಲೆ 1, ಇನ್ನೊಂದರದು 0, ಸರಾಸರಿ ಅರ್ಧ. ಆದ್ದರಿಂದ ಅಲ್ಲಿ ಎತ್ತರ ವ್ಯಾಸದ ಅರ್ಧ, ಎಂದರೆ ತ್ರಿಜ್ಯಕ್ಕೆ ಸಮ. ಬಿಲ್ಲೆಗೆ ಒಂದು ಪಾಲು, ಗೋಡೆಗೆ ಎರಡು ಪಾಲು ಎಂಬ ಪರೀಕ್ಷೆಯೂ ಎಲ್ಲ ಸಂದರ್ಭಗಳಲ್ಲಿ ಹಾಗೆಯೇ ಉಳಿಯುತ್ತದೆ, ಬಿಲ್ಲೆಯ ಪಾಲನ್ನು k ಸೇರಿಸಿಯೇ ಎಣಿಸಬೇಕು ಎಂಬುದೊಂದನ್ನು ಮರೆಯದಿದ್ದರೆ ಸಾಕು.

ಈಗ k ಅನ್ನು ಕಂಡುಹಿಡಿಯಬೇಕು. ಹಾಳೆಯನ್ನು ಚೌಕಗಳಾಗಿ ಗುರುತು ಮಾಡಿ ಪ್ರತಿ ಚೌಕದಿಂದ ಒಂದು ಬಿಲ್ಲೆ ತೆಗೆದರೆ, πr² ವಿಸ್ತೀರ್ಣದ ಬಿಲ್ಲೆಗೆ 4r² ತಗಡು ಖರ್ಚಾಗುತ್ತದೆ. ಹಾಳೆಯ ಶೇಕಡಾ 21.5 ಭಾಗ ಚೂರಾಗಿ ಉಳಿಯುತ್ತದೆ, k ಎಂಬುದು 4/π, ಅಂದರೆ 1.273. ನಮ್ಮ ಒಂದು ಲೀಟರ್ ಡಬ್ಬಿಗೆ ಇದು ಚೊಕ್ಕವಾದ ಉತ್ತರವನ್ನೇ ಕೊಡುತ್ತದೆ: r³ = 1000/8 = 125, ಆದ್ದರಿಂದ ತ್ರಿಜ್ಯ ಸರಿಯಾಗಿ 5 ಸೆಂ.ಮೀ., ಎತ್ತರ 12.73 ಸೆಂ.ಮೀ., ತಗಡು ಬಿಲ್ಲೆಗಳಿಗೆ 200 ಮತ್ತು ಗೋಡೆಗೆ 400, ಒಟ್ಟು 600 ಚದರ ಸೆಂ.ಮೀ.

ಸಾಲುಗಳನ್ನು ಒಂದರ ಪಕ್ಕಕ್ಕೊಂದು ನೇರವಾಗಿ ಇಡದೆ, ಒಂದು ಸಾಲಿನ ಬಿಲ್ಲೆಗಳು ಮುಂದಿನ ಸಾಲಿನ ಸಂದುಗಳಲ್ಲಿ ಕೂರುವಂತೆ ಜೋಡಿಸಿದರೆ, ಪ್ರತಿ ಬಿಲ್ಲೆಯೂ ಜೇನುಗೂಡಿನ ಕೋಶದಂಥ ಷಡ್ಭುಜದೊಳಗೆ ಬರುತ್ತದೆ. ಆ ಷಡ್ಭುಜದ ವಿಸ್ತೀರ್ಣ 2√3r², ವ್ಯರ್ಥವಾಗುವುದು ಶೇಕಡಾ 9.3 ಮಾತ್ರ. ಇಲ್ಲಿ k = 2√3/π = 1.103. ಲೆಕ್ಕ ಹಾಕಿದರೆ ತ್ರಿಜ್ಯ 5.25, ಎತ್ತರ 11.55 ಸೆಂ.ಮೀ., ತಗಡು 571.9 ಚದರ ಸೆಂ.ಮೀ. ಚೌಕದ ಜೋಡಣೆಗಿಂತ ಇಲ್ಲಿ ಉಳಿದದ್ದು 28 ಚದರ ಸೆಂ.ಮೀ. ಡಬ್ಬಿಯ ಆಕಾರವನ್ನು ತಿದ್ದುವುದರಿಂದ ಆಗುವ ಉಳಿತಾಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಚೌಕಗಳಲ್ಲಿ ಕತ್ತರಿಸುವಾಗಲೂ ಹಳೆಯ 5.42ರ ತ್ರಿಜ್ಯವನ್ನೇ ಇಟ್ಟುಕೊಂಡಿದ್ದರೆ 604 ಚದರ ಸೆಂ.ಮೀ. ಆಗುತ್ತಿತ್ತು, 5ಕ್ಕೆ ಇಳಿಸಿದ್ದರಿಂದ ಉಳಿದದ್ದು ನಾಲ್ಕೇ. ರೇಖೆ ಚಪ್ಪಟೆಯಾಗಿರುವುದರ ಇನ್ನೊಂದು ಮುಖ ಇದು. ನನ್ನ ಅಭಿಪ್ರಾಯದಲ್ಲಿ, ಅಳತೆಯ ಎರಡನೆಯ ದಶಾಂಶ ಸ್ಥಾನಕ್ಕೆ ಕೊಡುವ ಗಮನವನ್ನು ಮೊದಲು ಬಿಲ್ಲೆಗಳ ಜೋಡಣೆಗೆ ಕೊಡುವುದು ಲೇಸು. ಕತ್ತರಿಸುವ ಯಂತ್ರಕ್ಕೆ ಬಿಲ್ಲೆಗಳ ನಡುವೆ ಕೊಂಚ ಅಂತರ ಬೇಕಾಗುವುದರಿಂದ ಮತ್ತು ಹಾಳೆಯ ಅಂಚುಗಳಲ್ಲೂ ತಗಡು ಉಳಿಯುವುದರಿಂದ ನಿಜವಾದ k ಈ ಬೆಲೆಗಳಿಗಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಚೂರುಗಳನ್ನು ಕರಗಿಸಿ ಮತ್ತೆ ಬಳಸುವುದಾದರೆ k ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ.

ದಪ್ಪದ ವ್ಯತ್ಯಾಸವನ್ನೂ ಇದೇ k ಒಳಗೆ ಸೇರಿಸಬಹುದು. ಚಪ್ಪಟೆಯಾದ ಬಿಲ್ಲೆ ಒಳಗಿನ ಒತ್ತಡಕ್ಕೆ ಉಬ್ಬುವಷ್ಟು ಸುಲಭವಾಗಿ ಬಾಗಿದ ಗೋಡೆ ಉಬ್ಬುವುದಿಲ್ಲ. ಹಾಗಾಗಿ ಬಿಲ್ಲೆಗೆ ದಪ್ಪ ತಗಡನ್ನು ಬಳಸುವುದುಂಟು. ಗೋಡೆ 0.20 ಮಿ.ಮೀ., ಬಿಲ್ಲೆ 0.24 ಮಿ.ಮೀ. ಎಂದಿಟ್ಟುಕೊಂಡರೆ ದಪ್ಪದ ಅನುಪಾತ 1.2. ಅದನ್ನು ಷಡ್ಭುಜ ಜೋಡಣೆಯ 1.103ರಿಂದ ಗುಣಿಸಿದರೆ k = 1.32. ಆಗ ತ್ರಿಜ್ಯ 4.94, ಎತ್ತರ 13.04 ಸೆಂ.ಮೀ. ಪಾನೀಯ ತುಂಬುವ 330 ಮಿಲಿಲೀಟರ್‌ನ ಸಾಮಾನ್ಯ ಅಲ್ಯೂಮಿನಿಯಂ ಡಬ್ಬಿ ಸುಮಾರು 66 ಮಿ.ಮೀ. ವ್ಯಾಸ, 115 ಮಿ.ಮೀ. ಎತ್ತರ ಇರುವುದಕ್ಕೆ, ಅಂದರೆ ಅನುಪಾತ 1.74ರಷ್ಟಿರುವುದಕ್ಕೆ, ಗೋಡೆ ತೀರ ತೆಳುವಾಗಿ ಮುಚ್ಚಳ ಮತ್ತು ತಳ ದಪ್ಪವಾಗಿರುವುದು ಒಂದು ಕಾರಣ. ಕೈಯಲ್ಲಿ ಹಿಡಿಯುವ ಅನುಕೂಲವೂ ಅದರ ಆಕಾರದಲ್ಲಿ ಸೇರಿದೆ, ತಳ ಒಳಕ್ಕೆ ಗುಳಿ ಬಿದ್ದಿರುತ್ತದೆ, ಮೇಲಿನ ಭಾಗ ಕಿರಿದಾಗಿರುತ್ತದೆ. ಆದ್ದರಿಂದ ನಮ್ಮ ಸೂತ್ರ ಅದಕ್ಕೆ ಚಾಚೂ ತಪ್ಪದೆ ಹೊಂದುತ್ತದೆಂದು ನಿರೀಕ್ಷಿಸಬಾರದು.

ಅಂಚಿನ ಮಡಿಕೆಗೆ ಬೇಕಾದ ತಗಡು

ಬಿಲ್ಲೆಯನ್ನು ಗೋಡೆಗೆ ಸೇರಿಸಲು ಎರಡರ ಅಂಚುಗಳನ್ನೂ ಒಟ್ಟಿಗೆ ಮಡಿಚಬೇಕು. ಇದಕ್ಕೆ ಬಿಲ್ಲೆಯನ್ನು ಡಬ್ಬಿಯ ತ್ರಿಜ್ಯಕ್ಕಿಂತ ದೊಡ್ಡದಾಗಿಯೂ ಗೋಡೆಯನ್ನು ಎತ್ತರಕ್ಕಿಂತ ಸ್ವಲ್ಪ ಹೆಚ್ಚಾಗಿಯೂ ಕತ್ತರಿಸಬೇಕಾಗುತ್ತದೆ. ಬಿಲ್ಲೆಯ ತ್ರಿಜ್ಯಕ್ಕೆ 0.5 ಸೆಂ.ಮೀ., ಗೋಡೆಯ ಎರಡೂ ಅಂಚುಗಳಿಗೆ ಸೇರಿ 0.5 ಸೆಂ.ಮೀ. ಹೆಚ್ಚು ಎಂದು ಹಿಡಿದು, ಉಳಿದ ಸಂಗತಿಗಳನ್ನು ಸದ್ಯಕ್ಕೆ ಬದಿಗಿಟ್ಟರೆ:

S = 2π(r + 0.5)² + 2πr(h + 0.5)

ಇದರಲ್ಲಿ h ಅನ್ನು ಮೊದಲಿನಂತೆ ನಿವಾರಿಸಿ ಅವಕಲಿಸಿದಾಗ r³ + 0.75r² = 159.155 ಎಂಬ ಸಮೀಕರಣ ಉಳಿಯುತ್ತದೆ. ನೇರವಾಗಿ ಘನಮೂಲ ತೆಗೆದು ಇದನ್ನು ಬಿಡಿಸಲಾಗದು. ಆದರೆ ಹಂತಹಂತವಾಗಿ ಹತ್ತಿರವಾಗಬಹುದು: ಹಳೆಯ ಉತ್ತರವಾದ 5.42ನ್ನು 0.75r² ಎಂಬಲ್ಲಿ ಇಟ್ಟು, ಬಂದ ಬೆಲೆಯನ್ನು 159.155ರಿಂದ ಕಳೆದು, ಉಳಿದದ್ದರ ಘನಮೂಲ ತೆಗೆಯಿರಿ. 5.157 ಬರುತ್ತದೆ. ಅದನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟರೆ 5.183, ಇನ್ನೊಮ್ಮೆ ಮಾಡಿದರೆ 5.180. ಅಲ್ಲಿಗೆ ಸಂಖ್ಯೆ ನಿಂತಿತು. ತ್ರಿಜ್ಯ 5.18, ಎತ್ತರ 11.86 ಸೆಂ.ಮೀ. ವೃತ್ತದ ಸುತ್ತಳತೆ ಹೆಚ್ಚಿದಷ್ಟೂ ಮಡಿಕೆಗೆ ಹೆಚ್ಚು ತಗಡು ಬೇಕಾಗುವುದರಿಂದ ಡಬ್ಬಿ ತೆಳ್ಳಗಾಗುವ ಕಡೆಗೆ ವಾಲಿದೆ. ಗೋಡೆಯ ಉದ್ದಕ್ಕೂ ಮೇಲಿನಿಂದ ಕೆಳಗೆ ಇರುವ ಸೇರಿಕೆಗೆ ಒಂದರ ಮೇಲೊಂದು ಬರುವಂತೆ ತಗಡು ಬಿಟ್ಟರೆ ಅದು ಎತ್ತರದ ಮೇಲೆ ಬೀಳುವ ಖರ್ಚು. ಆದ್ದರಿಂದ ಅದು ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಅದಕ್ಕೂ ಅರ್ಧ ಸೆಂ.ಮೀ. ಕೊಟ್ಟರೂ ತ್ರಿಜ್ಯ 5.2ರ ಆಸುಪಾಸಿನಲ್ಲೇ ಉಳಿಯುತ್ತದೆ. ಒಂದು ವಿಷಯ ನೆನಪಿರಲಿ: ಚಿಕ್ಕ ಡಬ್ಬಿಗಳಲ್ಲಿ ಈ ಮಡಿಕೆಯ ಪ್ರಭಾವ ಹೆಚ್ಚು, ಏಕೆಂದರೆ ಡಬ್ಬಿ ಕಿರಿದಾದರೂ ಮಡಿಕೆಯ ಅಗಲ ಅದರೊಂದಿಗೆ ಕಿರಿದಾಗುವುದಿಲ್ಲ.

ಅಚ್ಚು ಇರುವ ಅಳತೆಯಲ್ಲಿ ಆಯ್ಕೆ

ಬೇಕಾದ ವ್ಯಾಸದ ಅಚ್ಚು ಸಿಗದೆ, ಇರುವ ಕೆಲವೇ ಅಳತೆಗಳಲ್ಲಿ ಒಂದನ್ನು ಆರಿಸಬೇಕಾಗಬಹುದು. ಆಗ ಕನಿಷ್ಠ ತ್ರಿಜ್ಯಕ್ಕೆ ಅಂಕಿಯಲ್ಲಿ ಯಾವುದು ಹತ್ತಿರ ಎಂದಷ್ಟೇ ನೋಡದೆ, ಕನಿಷ್ಠದ ಆಚೆ ಈಚೆ ಇರುವ ಎರಡಕ್ಕೂ S ಅನ್ನು ಲೆಕ್ಕ ಹಾಕಿ ಹೋಲಿಸಬೇಕು. 10 ಮತ್ತು 12 ಸೆಂ.ಮೀ. ವ್ಯಾಸದ ಅಚ್ಚುಗಳು ಮಾತ್ರ ಇದ್ದು, ಬಿಲ್ಲೆಗಳನ್ನು ಷಡ್ಭುಜ ಜೋಡಣೆಯಲ್ಲಿ ಕತ್ತರಿಸುವುದಾದರೆ, S = 4√3r² + 2000/r ಎಂಬುದರಲ್ಲಿ 5 ಮತ್ತು 6ನ್ನು ಇಟ್ಟು ನೋಡಿ. ಮೊದಲನೆಯದಕ್ಕೆ 573.2, ಎರಡನೆಯದಕ್ಕೆ 582.7 ಚದರ ಸೆಂ.ಮೀ. ಬರುತ್ತದೆ. ಮಡಿಕೆಯ ತಗಡೂ ಕಿರಿದಾದ ಡಬ್ಬಿಯ ಪರವಾಗಿಯೇ ಇರುವುದರಿಂದ 10 ಸೆಂ.ಮೀ. ಅಚ್ಚನ್ನು ಆರಿಸಿ, ಘನಫಲದಿಂದ ಎತ್ತರವನ್ನು 12.73 ಸೆಂ.ಮೀ. ಎಂದು ತೆಗೆಯಬೇಕು. ತುಂಬುವ ವಸ್ತುವಿನ ಮೇಲೆ ಖಾಲಿ ಜಾಗ ಬೇಕಿದ್ದರೆ ಅದನ್ನು ಈ ಎತ್ತರಕ್ಕೆ ಕೊನೆಯಲ್ಲಿ ಅಂಟಿಸದೆ, ಮೊದಲ ಹೆಜ್ಜೆಯಲ್ಲೇ V ಒಳಗೆ ಸೇರಿಸಿ ಲೆಕ್ಕವನ್ನು ಆರಂಭಿಸುವುದು ಸರಿಯಾದ ಕ್ರಮ.